ಸೊನ್ನೆಯ ಎಡಗಡೆಯನ್ನೂ ನೋಡಿ

ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಸಲದ ಪ್ರಿಪರೇಟರಿ ಪೇಪರ್ ತೆಗೆದವರು ಹೊರಗಿನವರು. ಅದರಲ್ಲಿ ಐದು ಅಂಕದ ಒಂದು ಪ್ರಶ್ನೆ: ಎಲ್ಲ ನೈಜ ಸಂಖ್ಯೆ x ಗೂ e^x ≥ 1 + x + x²/2 ಎಂದು ಸಾಧಿಸಿ.

ಪರೀಕ್ಷೆ ನಡೆಯುತ್ತಿದ್ದಾಗಲೇ ರೂಮ್ ಸೂಪರ್‌ವೈಸರ್ ಹೇಳಿಕಳಿಸಿದರು. ಹೋದರೆ ಒಬ್ಬ ಹುಡುಗಿ ಎದ್ದು ನಿಂತಿದ್ದಾಳೆ. "ಸರ್, x = −1 ಹಾಕಿದ್ರೆ ಬಲಗಡೆ 0.5 ಬರುತ್ತೆ, ಎಡಗಡೆ 1/e, ಅಂದ್ರೆ ಸುಮಾರು 0.37. ಇದನ್ನ ಹೆಂಗೆ ಸಾಧಿಸೋದು?"

ಅವಳು ಹೇಳಿದ್ದು ಸರಿ. ಮಾದರಿ ಉತ್ತರಗಳ ಸ್ಕೀಮ್ ಹಿಡಿದು ಪ್ರಿನ್ಸಿಪಾಲರ ಹತ್ತಿರ ಓಡಿದೆ. "ಸ್ಕೀಮಲ್ಲಿ ಸಾಧನೆನೇ ಇದೆಯಲ್ಲ ಸರ್" ಅಂದರು. ಇತ್ತು. ಗಡಿಯಾರ ಓಡುತ್ತಿತ್ತು, ಮಕ್ಕಳು ಅದೇ ಪ್ರಶ್ನೆಯ ಮೇಲೆ ಕೂತಿದ್ದರು. ಅಲ್ಲೇ ಟೇಬಲ್ ಮೇಲೆ ಬರೆದು ತೋರಿಸಬೇಕಾಯಿತು.

ಮೊದಲು ಎಲ್ಲರಿಗೂ ಗೊತ್ತಿರುವ e^x ≥ 1 + x. ವ್ಯತ್ಯಾಸ f(x) = e^x − 1 − x ತಗೊಳ್ಳಿ. f′(x) = e^x − 1. x ಋಣವಾಗಿದ್ದರೆ ಇದು ಋಣ, ಧನವಾಗಿದ್ದರೆ ಧನ. ಅಂದರೆ f ಸೊನ್ನೆಯವರೆಗೆ ಇಳಿದು, ಅಲ್ಲಿಂದ ಏರುತ್ತದೆ. ಅತಿ ಕಡಿಮೆ ಬೆಲೆ f(0) = 0. ಹಾಗಾಗಿ ಎರಡೂ ಕಡೆ f ≥ 0.

ಈಗ ಪೇಪರಿನದು. g(x) = e^x − 1 − x − x²/2. ಇದರ ಡೆರಿವೇಟಿವ್ ಮೇಲಿನ f ತಾನೇ! ಅದು x = 0 ಬಿಟ್ಟು ಎಲ್ಲೆಲ್ಲೂ ಧನ. ಸ್ಕೀಮ್ ಬರೆದವರು "g′ ≥ 0, g(0) = 0, ಆದ್ದರಿಂದ g ≥ 0" ಎಂದು ಮುಗಿಸಿದ್ದರು. ಇದು ಸೊನ್ನೆಯ ಬಲಗಡೆಗೆ ಮಾತ್ರ ಸರಿ. ಉದ್ದಕ್ಕೂ ಏರುತ್ತಲೇ ಬಂದ g ಸೊನ್ನೆಯಲ್ಲಿ 0 ಮುಟ್ಟುತ್ತದೆ ಅಂದಮೇಲೆ, ಅದಕ್ಕೂ ಮುಂಚೆ 0ಗಿಂತ ಕೆಳಗೇ ಇರಬೇಕು. x < 0 ಆದಾಗ ಅಸಮತೆ ತಿರುಗಿಬಿಡುತ್ತದೆ. ಪ್ರಶ್ನೆಯಲ್ಲಿ "x ≥ 0" ಎಂದಿರಬೇಕಿತ್ತು.

ಕೊನೆಗೆ ಪ್ರತಿ ರೂಮಿಗೂ ತಿದ್ದುಪಡಿ ಹೋಯಿತು, ಆದರೆ ತಡವಾಗಿ. ಪ್ರಯತ್ನಿಸಿದವರಿಗೆಲ್ಲ ಪೂರ್ಣ ಅಂಕ ಕೊಡಿಸಿದೆ. ಅಚ್ಚಿಗೆ ಹೋಗುವ ಮುಂಚೆ ಇನ್ನೊಬ್ಬ ಲೆಕ್ಚರರ್ ಪೇಪರ್ ಬಿಡಿಸಿ ನೋಡಲಿ ಎಂದು ಎಷ್ಟು ಸಲ ಕೇಳಿದ್ದೇವೋ! ಲೀಕ್ ಆಗುತ್ತೆ ಎನ್ನುವುದೊಂದೇ ಉತ್ತರ.

ಮರುದಿನ ಕ್ಲಾಸಿನಲ್ಲಿ ಇದನ್ನೇ ಮುಂದುವರಿಸಿದೆ. ಅಸಮತೆಯ ಬಲಗಡೆಗೆ x³/6 ಕೂಡಿಸಿದರೆ ಹೊಸ ವ್ಯತ್ಯಾಸ h ನ ಡೆರಿವೇಟಿವ್ ಈ g. ಅದು ಎಡಕ್ಕೆ ಋಣ, ಬಲಕ್ಕೆ ಧನ. ಮತ್ತೆ ಇಳಿದು ಏರುವ ಆಕಾರ, ಮತ್ತೆ ತಳ ಸೊನ್ನೆಯಲ್ಲೇ. ಆ ಒಂದು ಪದ ಸೇರಿಸಿದ್ದರೆ "ಎಲ್ಲ ನೈಜ ಸಂಖ್ಯೆ x ಗೂ" ಎಂದು ಧೈರ್ಯವಾಗಿ ಕೇಳಬಹುದಿತ್ತು.