ನೇಪಾಳಿ ಬ್ರೋಷರ್: ಅರ್ಹತೆಯ ಪುಟ ಒಂದು ಹಂತಕ್ಕೆ ಬಂತು

ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರವೇಶ ಬ್ರೋಷರನ್ನು ನೇಪಾಳಿಗೆ ತರುವ ಕೆಲಸ ಅರ್ಧ ದಾಟಿದೆ. ಹಾಸ್ಟೆಲ್, ಲೈಬ್ರರಿ, ಬಸ್ಸಿನ ಪುಟಗಳು ಸಲೀಸಾಗಿ ಮುಗಿದವು. ತಡ ಮಾಡಿದ್ದು ಅರ್ಹತೆಯ ಪುಟದ ಒಂದೇ ಸಾಲು: "ಪಿಯುಸಿಯಲ್ಲಿ ಕನಿಷ್ಠ 45%". ನೇಪಾಳದಲ್ಲಿ ಪಿಯುಸಿ ಅನ್ನೋದಿಲ್ಲ. ಈಗಿನ ಅಂಕಪಟ್ಟಿಯಲ್ಲಿ ಶೇಕಡಾ ಲೆಕ್ಕವೂ ಇರುವುದಿಲ್ಲ.

ಮೊದಲನೆಯದು ಸುಲಭ. ಅಲ್ಲಿ 12ನೇ ತರಗತಿಯ ಪರೀಕ್ಷೆ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಬೋರ್ಡ್. ಜನ ಅದನ್ನು ಎನ್‌ಇಬಿ ಅಂತಾರೆ, ಓದನ್ನು ಪ್ಲಸ್ ಟು ಅಂತಾರೆ. ನಮ್ಮ ಎಸ್‌ಎಸ್‌ಎಲ್‌ಸಿ ಜಾಗದಲ್ಲಿ ಎಸ್‌ಇಇ ಇದೆ. ಅಪ್ಪ ಅಮ್ಮಂದಿರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಎಸ್‌ಎಲ್‌ಸಿ. ಫೀಸು ಕಟ್ಟುವವರು ಅವರೇ ಅಲ್ವಾ, ಹಾಗಾಗಿ ಅದನ್ನೂ ಪಕ್ಕದಲ್ಲಿ ಇಟ್ಟೆ.

ಕಷ್ಟ ಇರುವುದು ಅಂಕದಲ್ಲಿ. ಎನ್‌ಇಬಿ ಕೊಡುವುದು 4ಕ್ಕೆ ಲೆಕ್ಕ ಹಾಕಿದ ಜಿಪಿಎ, ಅಂದರೆ ಎಲ್ಲ ವಿಷಯಗಳ ಗ್ರೇಡ್ ಪಾಯಿಂಟಿನ ಸರಾಸರಿ. 90 ಮತ್ತು ಮೇಲೆ ಎ ಪ್ಲಸ್, ಅದಕ್ಕೆ 4.0. 80ರಿಂದ 90ರ ಒಳಗೆ ಎ, 3.6. ಹೀಗೇ ಹತ್ತು ಅಂಕ ಇಳಿದಾಗಲೆಲ್ಲ 0.4 ಇಳಿಯುತ್ತದೆ. 40ರಿಂದ 50ರ ಒಳಗಿನ ಸಿ ಗ್ರೇಡಿಗೆ 2.0. ಅದರ ಕೆಳಗೆ 35ರವರೆಗೆ ಡಿ, 1.6. ಇನ್ನೂ ಕೆಳಗಿದ್ದರೆ ಗ್ರೇಡೇ ಇಲ್ಲ.

ಬ್ರೋಷರಿನ ಹಳೆಯ ಕರಡಿನಲ್ಲಿ "ಜಿಪಿಎಯನ್ನು 25ರಿಂದ ಗುಣಿಸಿ" ಅಂತ ಇತ್ತು. 4ಕ್ಕೆ 100 ಆಗಬೇಕು ಅನ್ನುವ ಲೆಕ್ಕ. ನೋಡೋಕೆ ಸರಿಯಾಗಿಯೇ ಇದೆ. ಆದರೆ ಒಂದು ಉದಾಹರಣೆ ಹಾಕಿ ನೋಡಿ. ಎಲ್ಲ ವಿಷಯದಲ್ಲೂ ಬಿ ಬಂದ ಹುಡುಗಿಯ ಜಿಪಿಎ 2.8. 25ರಿಂದ ಗುಣಿಸಿದರೆ 70%. ಬಿ ಅಂದರೆ 60ರಿಂದ 70ರ ಒಳಗೆ. ಅಂದರೆ ಈ ಸೂತ್ರ ಆಕೆಗೆ ಆ ಗ್ರೇಡಿನ ತುತ್ತತುದಿಯ ಅಂಕವನ್ನೇ ಕೊಡುತ್ತದೆ. ಬೇರೆ ಬೇರೆ ಗ್ರೇಡು ಕಲೆತಿದ್ದರೂ ಅಷ್ಟೇ. ಅರ್ಧ ಎ, ಅರ್ಧ ಸಿ ಬಂದವನ ಸರಾಸರಿಯೂ 2.8, ಅವನ ನಿಜವಾದ ಅಂಕವೂ 60 ಮತ್ತು 70ರ ನಡುವೆಯೇ ಇರುತ್ತದೆ. ಡಿ ಒಂದನ್ನು ಬಿಟ್ಟರೆ ಮೆಟ್ಟಿಲುಗಳು ಸಮವಾಗಿರುವುದರಿಂದ ಇದು ಎಲ್ಲ ಕಡೆ ನಡೆಯುತ್ತದೆ: 25ರಿಂದ ಗುಣಿಸಿದ್ದು ಗರಿಷ್ಠ, ಅದರಲ್ಲಿ 10 ಕಳೆದರೆ ಕನಿಷ್ಠ.

45% ಅರ್ಹತೆಗೆ ಇದನ್ನು ಹಾಕಿದರೆ ಮೂರು ಉತ್ತರ ಬರುತ್ತವೆ. ಉದಾರವಾಗಿ ನೋಡಿದರೆ 1.8 ಸಾಕು, ಬಿಗಿಯಾಗಿ ನೋಡಿದರೆ 2.2 ಬೇಕು, ನಡುವೆ ಹಿಡಿದರೆ 2.0. ಯಾವುದು ಅಂತ ನಿರ್ಧರಿಸುವುದು ಅನುವಾದಕನ ಕೆಲಸ ಅಲ್ಲ. ಮೂರನ್ನೂ ಬರೆದು ಪ್ರವೇಶ ವಿಭಾಗಕ್ಕೆ ಕಳಿಸಿದೆ. ಅವರು 2.0 ಆರಿಸಿದರು. ಅದೇ ರೀತಿ ಸ್ಕಾಲರ್‌ಶಿಪ್ಪಿನ 65% ಈಗ 2.8 ಆಯಿತು. ಹಳೆಯ ಸೂತ್ರದಲ್ಲಿ ಅದು 2.6 ಇತ್ತು. 2.6 ಬಂದ ಹುಡುಗರು ಸ್ಕಾಲರ್‌ಶಿಪ್ ಸಿಗುತ್ತೆ ಅಂತ ನಂಬಿ ಕಾಠ್ಮಂಡುವಿನಿಂದ ಹೊರಟುಬಿಡುತ್ತಿದ್ದರು.

ಎಂಜಿನಿಯರಿಂಗ್ ಸಾಲಿಗೆ ಇನ್ನೊಂದು ಮಾತು ಸೇರಿಸಿದೆ. ಅಲ್ಲಿ 45% ಕೇಳುವುದು ಭೌತಶಾಸ್ತ್ರ, ಗಣಿತದಂಥ ವಿಷಯಗಳಿಗೆ. ಒಟ್ಟು ಜಿಪಿಎಯಲ್ಲಿ ನೇಪಾಳಿ, ಇಂಗ್ಲಿಷ್ ಕೂಡ ಸೇರಿರುತ್ತವೆ. ಹಾಗಾಗಿ ಆ ವಿಷಯಗಳ ಗ್ರೇಡ್ ಪಾಯಿಂಟನ್ನೇ ನೋಡಿ ಅಂತ ಬರೆದಿದ್ದೇನೆ.

ಆಮೇಲೆ ಬ್ರೋಷರಿನ ಕೊನೆಯಲ್ಲಿರುವ ನಮ್ಮ ಕಡೆಯ ಗ್ರೇಡ್ ಪಟ್ಟಿ. ಇದು 10ರ ಲೆಕ್ಕದ್ದು. ಮೇಲ್ತುದಿಯಲ್ಲಿ ಓ, ಅಂದರೆ ಔಟ್‌ಸ್ಟ್ಯಾಂಡಿಂಗ್, 10 ಪಾಯಿಂಟು. ಎ ಪ್ಲಸ್ ಇಲ್ಲಿ ಎರಡನೆಯದು, 9. ನೇಪಾಳದ ಮನೆಯಲ್ಲಿ ಎ ಪ್ಲಸ್ಸಿಗಿಂತ ಮೇಲೆ ಏನೂ ಇಲ್ಲ. ಓ ಅನ್ನೋದನ್ನು ಸೊನ್ನೆ ಅಂತ ಓದಿಕೊಂಡರೂ ತಪ್ಪೇನಿಲ್ಲ! ಅಕ್ಷರದ ಪಕ್ಕ "10ರಲ್ಲಿ 9" ಅಂತ ಬಿಡಿಸಿ ಬರೆದೆ. ಬರೀ "ಸಿಜಿಪಿಎ 6.5" ಅಂತ ಎಲ್ಲೂ ಬಿಟ್ಟಿಲ್ಲ.

ಪದವಿಗಳ ಹೆಸರನ್ನು ಬದಲಿಸಲಿಲ್ಲ. ಸರ್ಟಿಫಿಕೇಟಿನಲ್ಲಿ ಬರುವ ಹೆಸರೇ ಇರಬೇಕು. ನೇಪಾಳದ ತ್ರಿಭುವನ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಜಾಗಕ್ಕೆ ಈಗ ಬಿಬಿಎಸ್ ಇದೆ, ಅಂತ ನಮ್ಮ ಬಿ.ಕಾಂ.ಅನ್ನು ಬಿಬಿಎಸ್ ಅಂತ ಬರೆಯೋಕಾಗುತ್ತಾ? ಪಕ್ಕದಲ್ಲಿ "ಸ್ನಾತಕ, 3 ವರ್ಷ" ಅಂತ ಸೇರಿಸಿದರೆ ಸಾಕು. ವರ್ಷ ಹೇಳಲೇಬೇಕು. ಅಲ್ಲಿ ಬಿಬಿಎಸ್, ಬಿಸಿಎ ಎರಡೂ 4 ವರ್ಷದ ಓದು. ಕರ್ನಾಟಕ 2024ರಲ್ಲಿ ಮತ್ತೆ 3 ವರ್ಷಕ್ಕೆ ಮರಳಿತು. ಊರಿಗೆ ಹೋದ ಮೇಲೆ ಸ್ನಾತಕೋತ್ತರಕ್ಕೆ ಇದು ನಡೆಯುತ್ತಾ ಅಂತ ಕೇಳುವವರು ಖಂಡಿತ ಇರುತ್ತಾರೆ. ಸೇರುವ ಮೊದಲೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ತತ್ಸಮ ಮಾನ್ಯತೆ ವಿಚಾರಿಸಿ ಅನ್ನುವ ಸಾಲು ಹಾಕಿದ್ದೇನೆ. ಮಾರ್ಕೆಟಿಂಗ್ ಕಡೆಯವರಿಗೆ ಈ ಸಾಲು ಇಷ್ಟವಾಗಲಿಲ್ಲ. ಸದ್ಯಕ್ಕೆ ಉಳಿದುಕೊಂಡಿದೆ.

ಡಿಪ್ಲೊಮಾ ಪುಟ ಇನ್ನೂ ಬಾಕಿ. ಅರ್ಜಿಯ "ಪಾಸಾದ ವರ್ಷ" ಕಾಲಮ್ಮೂ ಬಾಕಿ. ಅಂಕಪಟ್ಟಿಯಲ್ಲಿ ನೇಪಾಳದ ಪಂಚಾಂಗದಂತೆ ಬಿಕ್ರಮ್ ಸಂವತ್ 2081 ಅಂತ ಇದ್ದರೆ ನಮ್ಮ ಆನ್‌ಲೈನ್ ಫಾರ್ಮ್ ಅದನ್ನು ತೆಗೆದುಕೊಳ್ಳುವುದಿಲ್ಲ. ಎರಡು ಕಾಲಮ್ ಕೊಡಿ ಅಂತ ಕೇಳಿದ್ದೇನೆ, ಉತ್ತರ ಬರಬೇಕು.