ಅತ್ತೆಯ ಬಲಕ್ಕೆ ದೊಡ್ಡ ಸೊಸೆ

“ಎಲ್ಲರ ಫೋಟೋನೂ ವಾಟ್ಸಾಪ್‌ನಲ್ಲಿ ಕಳಿಸಿದ್ದೀವಲ್ಲ ಸಾರ್, ಮತ್ತೆ ಯಾರೆಲ್ಲಿ ಕೂತಿರಬೇಕು, ಬೆಳಕು ಎಲ್ಲಿಂದ ಬರಬೇಕು ಅಂತೆಲ್ಲ ಬರೆದು ಬೇರೆ ಕೊಡಬೇಕಾ?”

ಕೊಡಬೇಕು. ಫೋಟೋಗಳನ್ನು ನೋಡಿ ಇಡೀ ಕುಟುಂಬವನ್ನು ಒಂದೇ ಕ್ಯಾನ್ವಾಸಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಇದನ್ನು ಫೋನಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ; ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳಿಸುತ್ತೇನೆ. ಕೇಳುವವರ ದನಿಯಲ್ಲಿ “ಚಿತ್ರ ಬಿಡಿಸುವವರು ನೀವು, ಬರೆಯುವ ಕೆಲಸ ನಮಗೇಕೆ” ಎಂಬ ಸಣ್ಣ ಅನುಮಾನ ಇದ್ದೇ ಇರುತ್ತದೆ. ಏಳು ಜನ ಏಳು ಕಡೆ ತೆಗೆಸಿಕೊಂಡ ಫೋಟೋಗಳಿಂದ ಏಳು ಮುಖಗಳು ಸಿಗುತ್ತವೆಯೇ ಹೊರತು ಒಂದು ಕುಟುಂಬ ಸಿಗುವುದಿಲ್ಲ ಎಂಬುದು ನನಗೂ ಬಸವನಗುಡಿಯ ಒಂದು ಮನೆಯ ಕೆಲಸ ಕೆಡುವವರೆಗೆ ಪೂರ್ತಿ ತಿಳಿದಿರಲಿಲ್ಲ.

ಆ ಮನೆಯಲ್ಲಿ ಎಂಬತ್ತೆರಡರ ಅಜ್ಜಿ, ಐವತ್ತೆಂಟು ಮತ್ತು ನಲವತ್ತಾರರ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಇಪ್ಪತ್ತರ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಅವರು ಕಳಿಸಿದ್ದು ಒಂದೇ ಸಾಲು: “ಮಧ್ಯದಲ್ಲಿ ಅಮ್ಮ, ಅಮ್ಮನ ಬಲಕ್ಕೆ ದೊಡ್ಡ ಸೊಸೆ, ಎಡಕ್ಕೆ ಚಿಕ್ಕ ಸೊಸೆ, ಹಿಂದೆ ಗಂಡಸರು, ಮಕ್ಕಳು ಎಲ್ಲಾದರೂ.” ನಾನು ದೊಡ್ಡ ಸೊಸೆಯನ್ನು ಚಿತ್ರದ ಬಲಕ್ಕೆ ಕೂರಿಸಿದೆ. ಅಮ್ಮನ ಬಲಗೈ ಇರುವುದು ನೋಡುವವರ ಎಡಕ್ಕೆ ಎಂಬುದನ್ನು ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಇಷ್ಟೇ ಆಗಿದ್ದರೆ ಸೀರೆಯ ಬಣ್ಣ ಬದಲಿಸಿ ಹೇಗೋ ಸಂಭಾಳಿಸಬಹುದಿತ್ತೇನೋ. ಆದರೆ ಚಿತ್ರದ ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿತ್ತು. ಮುಗಿದ ಕ್ಯಾನ್ವಾಸಿನ ಮುಂದೆ ನಿಂತು ದೊಡ್ಡ ಸೊಸೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮೂವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಕತ್ತಲು, ಮೊನ್ನೆ ಬಂದವಳಿಗೆ ಕಿಟಕಿ. ಚೆನ್ನಾಗಿದೆ.” ಮೊನ್ನೆ ಎಂದರೆ ಹತ್ತು ವರ್ಷದ ಹಿಂದೆ, ಅದು ಬೇರೆ ವಿಷಯ.

ಮುಖಗಳನ್ನು ಅದಲು ಬದಲು ಮಾಡಿದರೆ ಆಯಿತಲ್ಲ ಎಂದು ಚಿಕ್ಕ ಮಗ ಹೇಳಿದರು. ಆಗುವುದಿಲ್ಲ. ಕಿಟಕಿ ಮೊದಲ ಮುಖದಿಂದ ಒಂದೂವರೆ ಮೀಟರ್, ಕೊನೆಯ ಮುಖದಿಂದ ಮೂರು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕಿಟಕಿ ಬಲ್ಬಿನಂತೆ ಒಂದು ಚುಕ್ಕೆಯಲ್ಲದ ಕಾರಣ ಇಳಿತ ಸ್ವಲ್ಪ ಕಡಿಮೆ ಇರಬಹುದು, ಆದರೂ ಕಣ್ಣಿಗೆ ಹೊಡೆಯುವಷ್ಟು ಇರುತ್ತದೆ. ಕಿಟಕಿಯ ಪಕ್ಕದ ಮುಖವನ್ನು ಹಾಗೆಯೇ ಎತ್ತಿ ಆಚೆ ತುದಿಗೆ ಇಟ್ಟರೆ ಅದು ಬೇರೆ ಕೋಣೆಯಿಂದ ಇಣುಕಿದಂತೆ ಕಾಣುತ್ತದೆ. ಎರಡೂ ಮುಖಗಳನ್ನು ಹೊಸದಾಗಿ ಬರೆದೆ, ಎರಡು ತಿಂಗಳು ಹೋಯಿತು.

ಆಗ ಕಿಟಕಿಯನ್ನೂ ಹಿಂದಕ್ಕೆ ಸರಿಸಿದೆ. ಚಿತ್ರದಲ್ಲಿ ಕಾಣಿಸದ ಕಿಟಕಿಯನ್ನು ಸರಿಸುವುದಕ್ಕೆ ಗಾರೆಯವರು ಬೇಕಾಗಿಲ್ಲ. ಅದು ಹತ್ತಿರದ ಮುಖಕ್ಕೆ ನಾಲ್ಕು ಮೀಟರ್, ದೂರದ ಮುಖಕ್ಕೆ ಐದೂವರೆ ಮೀಟರ್ ಆದರೆ ಕೊನೆಯವರಿಗೂ ಮೊದಲಿನವರ ಅರ್ಧಕ್ಕಿಂತ ತುಸು ಹೆಚ್ಚು ಬೆಳಕು ಸಿಗುತ್ತದೆ. ಸೊಸೆಯಂದಿರ ನಡುವೆ ನಾನು ಮಾಡಿಸಬಲ್ಲ ಸಂಧಾನ ಅಷ್ಟೇ.

ಎರಡನೆಯ ಬಾರಿ ನಾನೇ ಅವರ ಮುಂದೆ ಕೂತು ಬರೆಸಿಕೊಂಡ ವಿವರಣೆ ಹೀಗಿತ್ತು: “ಎಡ ಬಲ ಎಂದರೆ ಚಿತ್ರ ನೋಡುವವರ ಎಡ ಬಲ. ಎಡಗಡೆ, ಚಿತ್ರದ ಹೊರಗೆ, ನಿಂತವರ ತಲೆಗಿಂತ ಸ್ವಲ್ಪ ಎತ್ತರದಲ್ಲಿ ಒಂದೇ ಕಿಟಕಿ. ಮೋಡದ ದಿನದ ಮೆದು ಬೆಳಕು. ಎಲ್ಲರ ನೆರಳೂ ಬಲಕ್ಕೆ, ಸ್ವಲ್ಪ ಕೆಳಕ್ಕೆ. ಮುಂದೆ ಮೂರು ಕುರ್ಚಿ: ಎಡಕ್ಕೆ ದೊಡ್ಡ ಸೊಸೆ, ಮಧ್ಯೆ ಅಜ್ಜಿ, ಬಲಕ್ಕೆ ಚಿಕ್ಕ ಸೊಸೆ. ಹಿಂದೆ ನಿಂತವರು: ಇಬ್ಬರು ಗಂಡುಮಕ್ಕಳು ಕುರ್ಚಿಗಳ ನಡುವಿನ ಸಂದುಗಳಲ್ಲಿ, ಮೊಮ್ಮಗಳು ಬಲತುದಿಯಲ್ಲಿ. ಮೊಮ್ಮಗ ಅಜ್ಜಿಯ ಮೊಣಕಾಲ ಬಳಿ ಗಿಡ್ಡ ಸ್ಟೂಲಿನ ಮೇಲೆ.”

ಆ ಸ್ಟೂಲು ಅಲಂಕಾರಕ್ಕಲ್ಲ. ಆರು ವರ್ಷದ ಹುಡುಗ ನಿಂತರೆ ಅವನ ಕಣ್ಣು ನೆಲದಿಂದ ಸುಮಾರು ನೂರೈದು ಸೆಂಟಿಮೀಟರ್ ಮೇಲಿರುತ್ತದೆ. ಕುರ್ಚಿಯಲ್ಲಿ ಕೂತ ಅಜ್ಜಿಯದೂ ಹೆಚ್ಚು ಕಡಿಮೆ ಅಲ್ಲಿಯೇ. ನಿಲ್ಲಿಸಿದರೆ ಮುಂದಿನ ನಾಲ್ಕು ತಲೆಗಳೂ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿದಂತೆ ಒಂದೇ ಸಾಲಿಗೆ ಬರುತ್ತವೆ. ಸ್ಟೂಲಿನ ಮೇಲೆ ಕೂರಿಸಿದರೆ ಅವನ ಮುಖ ಒಂದು ಗೇಣಿಗಿಂತ ಕೆಳಗಿಳಿದು ಅಜ್ಜಿಯ ಮಡಿಲಿನ ಹತ್ತಿರ ಬರುತ್ತದೆ. “ಮಕ್ಕಳು ಎಲ್ಲಾದರೂ” ಎಂದು ಬರೆಯುವವರು ದಯವಿಟ್ಟು ವಯಸ್ಸನ್ನೂ ಬರೆಯಿರಿ. ಒಂದು ಮನೆಯ “ಮಕ್ಕಳು” ಬಂದು ನಿಂತಾಗ ಒಬ್ಬರಿಗೆ ತಲೆ ಬೋಳಾಗಿತ್ತು. ವಯಸ್ಸು ತಿಳಿಯದೆ ದೇಹ ಬರೆಯಲು ಬರುವುದಿಲ್ಲ: ದೊಡ್ಡವರ ಎತ್ತರ ಅವರ ತಲೆಯ ಏಳೂವರೆಯಷ್ಟಾದರೆ, ಆರು ವರ್ಷದವನದು ಸುಮಾರು ಆರರಷ್ಟು. ಇದನ್ನು ಮರೆತವರ ಚಿತ್ರದಲ್ಲಿ ಮಗು ಒಗೆದು ಕುಗ್ಗಿದ ಗುಮಾಸ್ತನಂತೆ ಕಾಣುತ್ತದೆ.

ಇನ್ನು ಫೋಟೋಗಳ ಬೆಳಕು. ಅಜ್ಜಿಯದು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು, ಕಣ್ಣಿನ ಗುಳಿಗಳು ಕಪ್ಪು. ಮೊಮ್ಮಗಳದು ಲಾಲ್‌ಬಾಗಿನ ಸಂಜೆ, ಸೂರ್ಯ ಬೆನ್ನಿಗೆ. ಬೆಳಕು ಎಲ್ಲಿತ್ತು ಎಂದು ತಿಳಿಯಲು ನಾನು ಎರಡೇ ಜಾಗ ನೋಡುತ್ತೇನೆ: ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಕಣ್ಣಿನ ಕಪ್ಪಿನಲ್ಲಿ ಬಿಳಿ ಚುಕ್ಕೆ ಯಾವ ಕಡೆ ಇದೆ. ನೆರಳು ಉಲ್ಟಾ ಇದ್ದರೆ ಫೋಟೋವನ್ನು ತಿರುಗಿಸಿಬಿಡಿ ಎಂದು ಬುದ್ಧಿ ಹೇಳುವವರಿದ್ದಾರೆ. ತಿರುಗಿಸಿದರೆ ಸೀರೆಯ ಸೆರಗು ಬಲಭುಜಕ್ಕೆ ಹೋಗುತ್ತದೆ, ಅಂಗಿಯ ಜೇಬು ಬಲಗಡೆ ಬರುತ್ತದೆ, ಅಜ್ಜಿಯ ಮೂಗುತಿ ಹೊಳ್ಳೆ ಬದಲಿಸುತ್ತದೆ. ಮನೆಯವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲಾರರು, ಬಾಕಿ ಹಣವನ್ನೂ ಕೊಡಲಾರರು. ಅದಕ್ಕಿಂತ ಉತ್ತರದ ಕಿಟಕಿಯ ಬಳಿ ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಮತ್ತೊಮ್ಮೆ ಫೋಟೋ ತೆಗೆಯುವುದು ಮೇಲು. ಒಂದು ಎಚ್ಚರಿಕೆ: ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ ಎಂಬುದು ಯುರೋಪಿನವರ ಮಾತು. ನಮ್ಮ ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ.

ಇಷ್ಟೆಲ್ಲ ಕೇಳುವ ಜನ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ತೀರಿಕೊಂಡವರನ್ನು ಯಾವ ವಯಸ್ಸಿನಲ್ಲಿ ಕೂರಿಸುತ್ತೀರಿ? ಬಸವನಗುಡಿಯವರು ಕೊನೆಯಲ್ಲಿ “ತಾತನನ್ನೂ ಸೇರಿಸಿ” ಎಂದು ಒಂದು ಸ್ಟುಡಿಯೋ ಫೋಟೋ ಕಳಿಸಿದರು. ತಾತನಿಗೆ ಅದರಲ್ಲಿ ನಲವತ್ತೈದು. ಎಂಬತ್ತೆರಡರ ಹೆಂಡತಿಯ ಪಕ್ಕದಲ್ಲಿ ಕೂರಿಸಿದರೆ ಅವರು ತಮ್ಮ ಹಿರಿಯ ಮಗನಿಗಿಂತ ಚಿಕ್ಕವರಾಗಿ ಕಾಣುತ್ತಿದ್ದರು. ಕೂದಲು ಬೆಳ್ಳಗೆ ಮಾಡಿ ಎಂದರು. ಕೂದಲು ಬೆಳ್ಳಗಾಗುತ್ತದೆ, ಆದರೆ ಅವರು ಅರವತ್ತೊಂದಕ್ಕೇ ಹೋದವರು. ಎಂಬತ್ತೈದರ ಅವರ ಮುಖವನ್ನು ಆ ಮನೆಯಲ್ಲಿ ಯಾರೂ ನೋಡಿಲ್ಲ, ನಾನು ಬರೆದರೆ ಅದು ಯಾರೋ ಒಬ್ಬ ಮುದುಕನ ಮುಖ. ಅಜ್ಜಿಯನ್ನೇ ಕೇಳಿದೆ. “ಗೋಡೆ ಮೇಲೆ ಹಾಕಿ, ಅವರು ಅಲ್ಲೇ ಇರೋದು” ಎಂದರು.

ಹಾಗಾಗಿ ತಾತ ಚಿತ್ರದೊಳಗಿನ ಗೋಡೆಯ ಮೇಲೆ ಚೌಕಟ್ಟಿನಲ್ಲಿದ್ದಾರೆ. ಅವರ ಮುಖಕ್ಕೆ ಬೆಳಕು ಬಲದಿಂದ ಬಿದ್ದಿದೆ, ಅದು ಆ ಸ್ಟುಡಿಯೋದ ಬೆಳಕು, ಅದನ್ನು ನಾನು ಮುಟ್ಟಲಿಲ್ಲ. ಚೌಕಟ್ಟಿನ ಗಾಜಿನ ಮೇಲಿನ ಹೊಳಪನ್ನು ಮಾತ್ರ ಎಡಗಡೆಯ ಕಿಟಕಿಗೆ ಹೊಂದಿಸಿದ್ದೇನೆ.