ಎಣ್ಣೆಯ ಬಾಟಲಿಯೊಂದೇ ವಿಷಯ

ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆಯೊಂದನ್ನೇ ಕುರಿತು ಲಿಂಕ್ಡ್‌ಇನ್‌ನಲ್ಲಿ ಈ ವಾರ ನ್ಯೂಸ್‌ಲೆಟರ್ ಆರಂಭಿಸಿದೆ. ಮೊದಲು ‘ವಿದ್ಯುತ್ ನಿರ್ವಹಣೆ’ ಎಂಬ ಹೆಸರು ಯೋಚಿಸಿದ್ದೆ. ಅಷ್ಟು ಅಗಲದ ಹೆಸರಿಗೆ ಯಾರು ಚಂದಾದಾರರಾದಾರು ಎನಿಸಿ ಕೈಬಿಟ್ಟೆ. ಮೊದಲ ಸಂಚಿಕೆ ಪ್ರಕಟವಾದಾಗ ಸಂಪರ್ಕದಲ್ಲಿರುವವರಿಗೆ ಆಹ್ವಾನ ತಾನಾಗಿಯೇ ಹೋಗುವುದರಿಂದ, ಅದಕ್ಕೂ ಮುನ್ನವೇ ಪ್ರೊಫೈಲನ್ನು ಅಣಿಗೊಳಿಸಬೇಕಿತ್ತು. ಹೆಡ್‌ಲೈನ್‌ಗೆ 220 ಅಕ್ಷರಗಳ ಅವಕಾಶವಿದ್ದರೂ, ನಾವು ಕಾಮೆಂಟು ಬರೆದಾಗ ಹೆಸರಿನ ಕೆಳಗೆ ಅದರ ಆರಂಭದ ಕೆಲವೇ ಪದಗಳು ಕಾಣುತ್ತವೆ; ಆದ್ದರಿಂದ ‘ಟ್ರಾನ್ಸ್‌ಫಾರ್ಮರ್ ಎಣ್ಣೆ ಪರೀಕ್ಷೆ’ ಎಂಬುದನ್ನು ಮುಂದಕ್ಕೆ ತಂದು ಹುದ್ದೆಯನ್ನು ಹಿಂದಕ್ಕೆ ಸರಿಸಿದೆ. ಫೀಚರ್ಡ್ ವಿಭಾಗದ ಹಳೆಯ ಪ್ರಮಾಣಪತ್ರಗಳನ್ನು (ನನ್ನ ಹೊರತು ಇನ್ನಾರೂ ಅವನ್ನು ತೆರೆದಿರಲಾರರು) ತೆಗೆದುಹಾಕಿದೆ. ಡ್ರೈನ್ ವಾಲ್ವ್‌ನಿಂದ ಮೊದಲು ಬರುವ ಎಣ್ಣೆಯನ್ನು ಹರಿಯಬಿಡದೆ ಮಾದರಿ ಹಿಡಿದರೆ, ತಳದ ತೇವವೂ ಕೊಳೆಯೂ ಸೇರಿ ಬ್ರೇಕ್‌ಡೌನ್ ವೋಲ್ಟೇಜ್ ಕಡಿಮೆ ತೋರುತ್ತದೆಂದು ವಿವರಿಸುವ ಮೊದಲ ಸಂಚಿಕೆ ಈಗ ಅಲ್ಲಿದೆ.